ತೋಟದ ಹಸಿರು, ಹಸೆಯ ಕೆಂಪು

ಹಸೆ ಚಿತ್ತಾರವನ್ನು ಮದುವೆ ಕಾಗದದ ಹಿನ್ನೆಲೆಯಾಗಿ ಬಳಸುವುದು ತೀರ ಸಹಜವಾದ ಯೋಚನೆ. ಸಿದ್ದಾಪುರ, ಶಿರಸಿ, ಪಕ್ಕದ ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಮದುಮಕ್ಕಳು ಕೂರುವ ಗೋಡೆಯ ಮೇಲೆ ಹೆಂಗಸರು ಬರೆಯುತ್ತ ಬಂದ ಚಿತ್ತಾರ ಅದು. ಕೆಮ್ಮಣ್ಣು ಬಳಿದ ನೆಲೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆಗಳು, ಅಲ್ಲಲ್ಲಿ ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆಯ ಹಳದಿ, ಕುಂಚವೆಂದರೆ ಪುಂಡಿನಾರು. ಗೋಡೆಯ ಮುಂದೆ ಮದುಮಕ್ಕಳು ಕೂತಂತೆಯೇ ಕಾಗದದ ಮೇಲೂ ಚಿತ್ತಾರದ ಮುಂದೆ ಮದುಮಕ್ಕಳ ಫೋಟೋ ನಿಲ್ಲಬೇಕು. ಕೇಳಲಿಕ್ಕೆ ಸುಲಭ. ಆದರೆ ಅಡಿಕೆ ತೋಟದಲ್ಲಿ ತೆಗೆದ ಫೋಟೋ ಕತ್ತರಿಸಿ ಕೂರಿಸಿದ ಕಾಗದ ಅಚ್ಚಾಗಿ ಬಂದಾಗ ಮದುಮಗಳ ತಲೆಯ ಸುತ್ತ ಒಂದು ಪಾಚಿಬಣ್ಣದ ಗೆರೆ ಕಾಣುತ್ತದೆ, ಯಾರೋ ಹಸಿರು ಟೊಪ್ಪಿ ಹಾಕಿಸಿ ತೆಗೆದಂತೆ. ಮದುಮಗನ ಮೊಣಕೈ ಮತ್ತು ಸೊಂಟದ ನಡುವಿನ ಸಂದಿಯಲ್ಲಿ ಅಡಿಕೆ ತೋಟದ ಒಂದು ಚೂರು ಹಾಗೇ ಉಳಿದಿರುತ್ತದೆ.

ಸಂದಿಯಲ್ಲಿ ಉಳಿದ ಚೂರು ಬರೀ ಕಣ್ತಪ್ಪು; ಹುಡುಕಿ ತೆಗೆದರೆ ಮುಗಿಯಿತು. ತಲೆಯ ಸುತ್ತಲಿನ ಹಸಿರು ಹಾಗಲ್ಲ. ಎಷ್ಟು ಜಾಗ್ರತೆಯಿಂದ ಕತ್ತರಿಸಿದರೂ ಅದು ಬರುತ್ತದೆ. ಏಕೆಂದರೆ ಕತ್ತರಿಸಬೇಕಾದ ಗೆರೆ ಆ ಫೋಟೋದಲ್ಲಿ ಇಲ್ಲವೇ ಇಲ್ಲ.

ಒಂದು ಲೆಕ್ಕ ಹಾಕೋಣ. ಜೋಡಿಯನ್ನು ನಿಲ್ಲಿಸಿ, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ತೆಗೆದಿದ್ದಾರೆ. ಚೌಕಟ್ಟಿನ ಎತ್ತರದಲ್ಲಿ 2.4 ಮೀಟರ್‌ನಷ್ಟು ಜಾಗ ಹಿಡಿದಿದೆ, ಕ್ಯಾಮೆರಾ ಆ ಎತ್ತರವನ್ನು 6000 ಪಿಕ್ಸೆಲ್‌ಗಳಾಗಿ ಹಂಚಿದೆ. ಅಂದರೆ ಒಂದೊಂದು ಪಿಕ್ಸೆಲ್ಲಿನ ಪಾಲಿಗೆ 0.4 ಮಿಲಿಮೀಟರ್. ಮನುಷ್ಯನ ಒಂದು ಕೂದಲಿನ ದಪ್ಪ ಸುಮಾರು 0.07 ಮಿಲಿಮೀಟರ್. ಜಡೆಯಿಂದ ಬಿಡಿಸಿಕೊಂಡು ಕಿವಿಯ ಹತ್ತಿರ ಹಾರುವ ಒಂಟಿ ಕೂದಲು ಒಂದು ಪಿಕ್ಸೆಲ್ಲಿನ ಆರನೇ ಒಂದು ಪಾಲನ್ನು ಮಾತ್ರ ತುಂಬುತ್ತದೆ. ಉಳಿದ ಐದು ಪಾಲು ಹಿಂದಿನ ಅಡಿಕೆ ಸೋಗೆಯ ಬೆಳಕು. ಪಿಕ್ಸೆಲ್ ಎರಡನ್ನೂ ಕೂಡಿಸಿ ಒಂದೇ ಬಣ್ಣವಾಗಿ ಬರೆದುಕೊಳ್ಳುತ್ತದೆ. ಇದರ ಮೇಲೆ ಲೆನ್ಸಿನ ಮಬ್ಬು, ಫೋಕಸ್ಸಿನಿಂದ ತುಸು ಹೊರಗಿರುವ ಭುಜ, ಗಾಳಿಗೆ ಅಲುಗಿದ ಸೆರಗು ಸೇರಿದರೆ ಮಿಶ್ರಣದ ಪಟ್ಟಿ ಇನ್ನೂ ಅಗಲವಾಗುತ್ತದೆ. ಕೂದಲು ದಟ್ಟವಾಗಿರುವಲ್ಲಿ ಪಿಕ್ಸೆಲ್ ಪೂರ್ತಿ ಕೂದಲು, ಸ್ವಲ್ಪ ಆಚೆ ಪೂರ್ತಿ ತೋಟ, ನಡುವೆ ಎರಡೂ ಬೆರೆತ ಪಟ್ಟಿ. ಕಟ್ ಮಾಡುವವರು ಆ ಪಟ್ಟಿಯ ಮಧ್ಯದಲ್ಲಿ ಎಲ್ಲೋ ಗೆರೆ ಎಳೆಯುತ್ತಾರೆ. ಗೆರೆಯ ಒಳಗೆ ಉಳಿದ ಪಿಕ್ಸೆಲ್‌ಗಳಲ್ಲಿ ಕೂದಲಿನ ಜೊತೆ ತೋಟವೂ ಇರುತ್ತದೆ. ಅವು ಕೆಂಪು ಕಾಗದಕ್ಕೆ ಬಂದರೆ ತೋಟವೂ ಬರುತ್ತದೆ.

ಈ ಮಿಶ್ರಣಕ್ಕೆ ಒಂದು ಸೂತ್ರವಿದೆ:

```
C = αF + (1 − α)B
```

F ಎಂದರೆ ಮುಂದಿರುವ ವಸ್ತುವಿನ ನಿಜ ಬಣ್ಣ, B ಎಂದರೆ ಹಿನ್ನೆಲೆಯ ಬಣ್ಣ, α ಎಂದರೆ ಆ ಪಿಕ್ಸೆಲ್ಲಿನಲ್ಲಿ ಮುಂದಿನ ವಸ್ತು ಎಷ್ಟು ಪಾಲು ತುಂಬಿದೆ ಎನ್ನುವ ಸಂಖ್ಯೆ. ಪೂರ್ತಿ ಕೂದಲಾದರೆ 1, ಪೂರ್ತಿ ತೋಟವಾದರೆ 0. C ಎನ್ನುವುದು ಕ್ಯಾಮೆರಾ ಕೊನೆಗೆ ಬರೆದುಕೊಂಡ ಬಣ್ಣ. ಈ α ಎನ್ನುವ ಪಾಲನ್ನು ಚಿತ್ರದ ಕೆಂಪು, ಹಸಿರು, ನೀಲಿಗಳ ಜೊತೆ ನಾಲ್ಕನೆಯ ಪದರವಾಗಿಯೇ ಇಟ್ಟುಕೊಳ್ಳಬೇಕೆಂಬ ಯೋಚನೆ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಅವರದು. 1970ರ ದಶಕದ ಕೊನೆಯಲ್ಲಿ ಇಬ್ಬರೂ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದರು. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಅದರ ಗಣಿತವನ್ನು ಕ್ರಮವಾಗಿ ಬರೆದಿಟ್ಟರು. ಫೋಟೋಶಾಪ್ ಆಗಲಿ ಗಿಂಪ್ ಆಗಲಿ, ಲೇಯರ್ ಮಾಸ್ಕಿನಲ್ಲಿ ಕಾಣುವ ಕಪ್ಪು, ಬಿಳಿ, ಬೂದುಗಳು ಈ α ಅಲ್ಲದೆ ಬೇರೇನಲ್ಲ.

ಈಗ ಒಂದೇ ಒಂದು ಪಿಕ್ಸೆಲ್ಲನ್ನು ಹಿಡಿದು ನೋಡೋಣ. ಸಿದ್ದಾಪುರದ ಕಡೆಯ ಒಂದು ತೋಟದಲ್ಲಿ, ಬೆಳಗಿನ ಬಿಸಿಲಲ್ಲಿ ತೆಗೆದ ಫೋಟೋ ಎಂದುಕೊಳ್ಳಿ. ಮದುಮಗಳ ಕೂದಲಿನ ಬಣ್ಣ, ಕೆಂಪು-ಹಸಿರು-ನೀಲಿಗಳ ಕ್ರಮದಲ್ಲಿ, 40, 30, 25. ಹಿಂದೆ ಬಿಸಿಲು ಬಿದ್ದ ಸೋಗೆ 150, 190, 90. ಅಂಚಿನ ಆ ಪಿಕ್ಸೆಲ್ಲಿನಲ್ಲಿ ಕೂದಲಿನ ಪಾಲು 0.6. ಕೆಂಪಿನ ಲೆಕ್ಕ: 40ರ 0.6 ಪಾಲು 24, 150ರ 0.4 ಪಾಲು 60, ಒಟ್ಟು 84. ಹೀಗೇ ಮುಂದುವರಿಸಿದರೆ ಕ್ಯಾಮೆರಾ ಬರೆದುಕೊಳ್ಳುವ ಬಣ್ಣ 84, 94, 51. ಒಂದು ಮಬ್ಬು ಪಾಚಿ ಬಣ್ಣ. ತೋಟದ ಮುಂದಿದ್ದಾಗ ಅದು ಯಾರ ಕಣ್ಣಿಗೂ ಬೀಳದು.

ಕಾಗದದ ಕೆಮ್ಮಣ್ಣು ಬಣ್ಣ 150, 60, 40 ಇರಲಿ. ಅದೇ ಕೂದಲು ನಿಜವಾಗಿ ಆ ಗೋಡೆಯ ಮುಂದೆ ಇದ್ದಿದ್ದರೆ ಅಲ್ಲಿ 84, 42, 31 ಬರಬೇಕಿತ್ತು. ಬ್ಲೇಡು ಹಾಕಿ ಕತ್ತರಿಸಿದಂತೆ ಪಿಕ್ಸೆಲ್ಲನ್ನು ಇಡಿಯಾಗಿ ಎತ್ತಿ ತಂದರೆ ಬರುವುದು 84, 94, 51. ಕೆಂಪು ಸರಿಯಾಗಿದೆ, ನೀಲಿ ತುಸು ಹೆಚ್ಚು, ಹಸಿರು ಮಾತ್ರ ಬೇಕಾದ್ದಕ್ಕಿಂತ 52 ಹೆಚ್ಚು. ಟೊಪ್ಪಿಯ ಬಣ್ಣ ಎಲ್ಲಿಂದ ಬಂತೆಂಬುದು ಇಷ್ಟರಲ್ಲೇ ತಿಳಿಯಿತು.

ಇಲ್ಲಿ ಅನುಭವಸ್ಥರೂ ಎಡವುವ ಒಂದು ಜಾಗ ಇದೆ. ಅಂಚನ್ನು ಮೃದು ಮಾಡಿದರೆ ಸರಿಹೋಗುತ್ತದೆಂದು ಮಾಸ್ಕಿಗೆ ಫೆದರ್ ಕೊಡುತ್ತಾರೆ. ಅದೃಷ್ಟಕ್ಕೆ ಆ ಪಿಕ್ಸೆಲ್ಲಿಗೆ ಸರಿಯಾದ 0.6 ಪಾಲೇ ಸಿಕ್ಕಿತು ಎಂದುಕೊಳ್ಳೋಣ. ಆಗಲೂ ಬೆರೆಯುವುದು ಕೂದಲಿನ ಬಣ್ಣವಲ್ಲ, ಈಗಾಗಲೇ ಹಸಿರು ಸೇರಿದ 84, 94, 51. ಅದರ 0.6 ಪಾಲು, ಕೆಮ್ಮಣ್ಣಿನ 0.4 ಪಾಲು ಕೂಡಿದರೆ 110, 80, 47. ಹಸಿರು ಇನ್ನೂ 38 ಹೆಚ್ಚು, ಸಾಲದ್ದಕ್ಕೆ ಕೆಂಪೂ 26 ಹೆಚ್ಚಾಗಿ ಅಂಚು ಮಿಂಚತೊಡಗಿತು. ಮಾಸ್ಕು ಎಷ್ಟೇ ನಿಖರವಾಗಿದ್ದರೂ ಅರ್ಧ ಕೆಲಸವೇ. ಪಾಲನ್ನು ಕಂಡುಹಿಡಿಯುವುದರ ಜೊತೆಗೆ ಮುಂದಿನ ವಸ್ತುವಿನ ನಿಜ ಬಣ್ಣವನ್ನೂ ಬಿಡಿಸಿ ತೆಗೆಯಬೇಕು. ಫೋಟೋಶಾಪಿನ `Select and Mask` ಕಿಟಕಿಯ ಕೆಳಗಡೆ `Decontaminate Colors` ಎಂಬ ಸಣ್ಣ ಚೌಕ ಇರುವುದು ಈ ಎರಡನೇ ಕೆಲಸಕ್ಕೆ. ಬಹಳ ಜನ ಅದನ್ನು ಒತ್ತುವುದೇ ಇಲ್ಲ.

ಬಿಡಿಸುವುದು ಎಷ್ಟು ಕಷ್ಟ ಎಂಬುದನ್ನು ಸೂತ್ರವೇ ಹೇಳುತ್ತದೆ. ನಮಗೆ ಗೊತ್ತಿರುವುದು C ಒಂದೇ, ಅಂದರೆ ಮೂರು ಅಂಕಿ. ತಿಳಿಯಬೇಕಾದ್ದು F ಮೂರು, B ಮೂರು, α ಒಂದು, ಒಟ್ಟು ಏಳು. ಮೂರು ಸಮೀಕರಣದಲ್ಲಿ ಏಳು ಅಜ್ಞಾತಗಳನ್ನು ಬಿಡಿಸಲು ಯಾವ ಗಣಿತಕ್ಕೂ ಆಗದು, ಊಹೆ ಬೇಕೇಬೇಕು. ಸಿನಿಮಾದವರು ನೀಲಿ ಅಥವಾ ಹಸಿರು ಪರದೆ ಕಟ್ಟುವುದು ಈ ಊಹೆಯನ್ನು ಕಡಿಮೆ ಮಾಡಿಕೊಳ್ಳಲು. ಪರದೆ ಇದ್ದರೆ B ಮೊದಲೇ ಗೊತ್ತು, ಉಳಿಯುವುದು ನಾಲ್ಕು ಅಜ್ಞಾತ. ಆಲ್ವಿ ರೇ ಸ್ಮಿತ್ ಮತ್ತು ಜಿಮ್ ಬ್ಲಿನ್ 1996ರಲ್ಲಿ ಇನ್ನೊಂದು ಹೆಜ್ಜೆ ಹೋಗಿ, ಅಲುಗದ ವಸ್ತುವನ್ನು ಎರಡು ಬೇರೆ ಬಣ್ಣದ ಪರದೆಗಳ ಮುಂದೆ ಎರಡು ಸಲ ತೆಗೆದರೆ ಊಹೆಯೇ ಬೇಡ, ಉತ್ತರ ಖಚಿತ ಎಂದು ತೋರಿಸಿದರು. ಹೂದಾನಿಗೆ ಒಪ್ಪುವ ವಿಧಾನ. ಮದುಮಕ್ಕಳನ್ನು ಒಂದು ಕೂದಲೂ ಅಲುಗದಂತೆ ನಿಲ್ಲಿಸಿ ಪರದೆ ಬದಲಿಸುವುದು ಯಾರಿಂದಲೂ ಆಗುವ ಮಾತಲ್ಲ.

ತೋಟದ ಫೋಟೋಕ್ಕೆ ಉಳಿದ ದಾರಿ ಅಕ್ಕಪಕ್ಕವನ್ನು ಕೇಳುವುದು. ಮೊದಲು ಚಿತ್ರವನ್ನು ಮೂರು ಭಾಗ ಮಾಡಬೇಕು: ಖಂಡಿತ ಮನುಷ್ಯರು, ಖಂಡಿತ ಹಿನ್ನೆಲೆ, ಇವೆರಡರ ನಡುವಿನ ಅನುಮಾನದ ಪಟ್ಟಿ. ಪಟ್ಟಿಯ ಒಳಗಿನ ಪಿಕ್ಸೆಲ್ಲಿಗೆ ಒಳಬದಿಯ ಹತ್ತಿರದ ಕೂದಲಿನಿಂದ F, ಹೊರಬದಿಯ ಹತ್ತಿರದ ಎಲೆಯಿಂದ B ಎರವಲು ತರುತ್ತೇವೆ. ಎರಡೂ ಸಿಕ್ಕಮೇಲೆ α ಒಂದು ಭಾಗಾಕಾರ. ನಮ್ಮ ಪಿಕ್ಸೆಲ್ಲಿನ ಹಸಿರಿನ ಅಂಕಿ ಹಿಡಿದರೆ, ಹಿನ್ನೆಲೆಯ 190ರಲ್ಲಿ 94 ಕಳೆದರೆ 96. 190ರಲ್ಲಿ ಕೂದಲಿನ 30 ಕಳೆದರೆ 160. 96ನ್ನು 160ರಿಂದ ಭಾಗಿಸಿದರೆ 0.6. ಸರಿಯಾದ ಉತ್ತರ.

ಈ ಭಾಗಾಕಾರದ ಭಾಜಕದ ಮೇಲೆ ಕಣ್ಣಿಡಿ. ಅದು ಮುಂದಿನ ಬಣ್ಣಕ್ಕೂ ಹಿಂದಿನ ಬಣ್ಣಕ್ಕೂ ಇರುವ ಅಂತರ. ಇಲ್ಲಿ 160 ಇತ್ತು, ಆದ್ದರಿಂದ ಅಂಕಿಯಲ್ಲಿ ಒಂದೆರಡು ಆಚೀಚೆ ಆದರೂ ಉತ್ತರ ಕದಲದು. ಈಗ ಅದೇ ಜೋಡಿ ಯಲ್ಲಾಪುರದ ಸಾತೊಡ್ಡಿಯ ಮುಂದೆ ನಿಂತಿದೆ ಅನ್ನಿ. ಮದುಮಗನ ಬಿಳಿ ಪಂಚೆಯ ಹಸಿರಂಕಿ 230, ಹಿಂದೆ ಧುಮುಕುವ ನೀರಿನದು 235. ಭಾಜಕ ಬರೀ 5. ಕ್ಯಾಮೆರಾದ ಗದ್ದಲದಿಂದ ಒಂದು ಅಂಕಿ ಅತ್ತಿತ್ತ ಆದರೆ α 0.2ರಷ್ಟು ಜಿಗಿಯುತ್ತದೆ, ಜೆಪೆಗ್ ಮಾಡುವ ಗದ್ದಲ ಒಂದಕ್ಕೆ ನಿಲ್ಲುವುದಿಲ್ಲ. ಅಲ್ಲಿ ಪಂಚೆಯ ಅಂಚು ಇಲಿ ಕಡಿದಂತೆ ಬರುವುದು ಸಾಫ್ಟ್‌ವೇರಿನ ದಡ್ಡತನದಿಂದಲ್ಲ, ಅಂಚಿನ ಮಾಹಿತಿಯೇ ಫೋಟೋದಲ್ಲಿ ಇಲ್ಲದ್ದರಿಂದ. ಇಂಥ ಕಡೆ ಪೆನ್ ಟೂಲ್ ಹಿಡಿದು, ಪಂಚೆಯ ಮಡಿಕೆ ಹೇಗೆ ಇಳಿಯಬೇಕೆಂದು ಮನಸ್ಸಲ್ಲಿ ಕಂಡು, ಕೈಯಿಂದ ಗೆರೆ ಎಳೆಯುವುದೊಂದೇ ದಾರಿ. ಜಲಪಾತದ ಮುಂದೆ ಕೂದಲು ಚೆಂದ ಬಿಡುತ್ತದೆ, ಪಂಚೆ ಕೈಕೊಡುತ್ತದೆ. ಕಪ್ಪು ಬಂಡೆಯ ಮುಂದೆ ಪಂಚೆ ಬಿಡುತ್ತದೆ, ಕೂದಲು ಕೈಕೊಡುತ್ತದೆ.

ಅಂಚಿನ ಹಸಿರಿಗೆ ಇನ್ನೊಂದು ಮೂಲವೂ ಇದೆ. ತೋಟದ ಒಳಗಿನ ಬೆಳಕೇ ಎಲೆಗಳಿಂದ ತಟ್ಟಿ ಬಂದದ್ದು. ಅದು ಪಂಚೆ, ಬಿಳಿ ಅಂಗಿ, ಮುಡಿದ ಮಲ್ಲಿಗೆಯ ಮೇಲೆ ಬಿದ್ದು ಅವನ್ನು ನಿಜವಾಗಿಯೂ ತುಸು ಹಸಿರಾಗಿಸಿರುತ್ತದೆ. ಇದು ಮಿಶ್ರ ಪಿಕ್ಸೆಲ್ಲಿನ ತೊಂದರೆಯಲ್ಲ. ಆ ಜಾಗದಲ್ಲಿ α ಪೂರ್ತಿ 1. ಪರದೆಯ ಮುಂದೆ ಚಿತ್ರ ತೆಗೆಯುವ ತಂತ್ರವನ್ನು ಬೆಳೆಸಿದ ಪೆಟ್ರೊ ವ್ಲಾಹೋಸ್ ಅವರ ದಾರಿಯಲ್ಲಿ ಬಂದ ಒಂದು ಸರಳ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ: ಹಸಿರಿನ ಅಂಕಿ ಕೆಂಪು, ನೀಲಿ ಎರಡಕ್ಕಿಂತಲೂ ಹೆಚ್ಚಿದ್ದರೆ ಅವುಗಳಲ್ಲಿ ದೊಡ್ಡದಕ್ಕೆ ಇಳಿಸಿಬಿಡಿ. ಮೈಬಣ್ಣದಲ್ಲಿ ಯಾವಾಗಲೂ ಕೆಂಪೇ ದೊಡ್ಡದು, ಆದ್ದರಿಂದ ಮುಖಕ್ಕೆ ಏನೂ ಆಗದು. ಅಬ್ಬಲಿಗೆ ದಂಡೆಗೂ ಏನೂ ಆಗದು. ಆದರೆ ಹಸಿರು ಗಾಜಿನ ಬಳೆ ಬೂದುಬಣ್ಣವಾಗುತ್ತದೆ, ಹಸಿರು ಅಂಚಿನ ರೇಷ್ಮೆ ಸೀರೆ ಸೂತಕದ ಸೀರೆಯಂತಾಗುತ್ತದೆ. ಅವನ್ನು ಮೊದಲೇ ಬೇರೆ ಮಾಸ್ಕಿನಲ್ಲಿ ಕಾಪಾಡಿಟ್ಟು ಆಮೇಲೆ ನಿಯಮ ಹಚ್ಚಬೇಕು. ಬಳೆಯ ಬಣ್ಣ ಹೋದದ್ದನ್ನು ಮದುಮಗಳ ಕಡೆಯವರು ಕಾಗದ ಕೈಗೆ ಬಂದ ಕ್ಷಣ ಗುರುತಿಸುತ್ತಾರೆ, ಅದರಲ್ಲಿ ಸಂಶಯ ಬೇಡ.

ಹಸೆ ಚಿತ್ತಾರದ ಮೇಲೆ ಇದೆಲ್ಲ ಯಾಕಿಷ್ಟು ಎದ್ದು ಕಾಣುತ್ತದೆ? ಗಜಿಬಿಜಿ ಹೂಬಳ್ಳಿಯ ಹಿನ್ನೆಲೆ ಅಂಚಿನ ಎಷ್ಟೋ ತಪ್ಪನ್ನು ನುಂಗಿಕೊಳ್ಳುತ್ತದೆ. ಚಿತ್ತಾರ ನುಂಗುವುದಿಲ್ಲ. ಅದು ಸಮಾನಾಂತರ ಎಳೆಗಳ ಕಲೆ. ಎಳೆ ಎಲ್ಲಿಯವರೆಗೆ ಬಂತು, ಮನುಷ್ಯರ ಹಿಂದೆ ಹೋಗಿ ಮತ್ತೆ ಎಲ್ಲಿ ಹೊರಬಂತು ಎಂದು ಕಣ್ಣು ತಾನಾಗಿಯೇ ಜೋಡಿಸುತ್ತದೆ. ಬಿಳಿ ಎಳೆ ಕೂದಲಿನವರೆಗೆ ಬಂದು, ಬಿಡಿಗೂದಲುಗಳ ನಡುವೆ ಸ್ವಲ್ಪ ಇಣುಕಿ, ಆಮೇಲೆ ಮರೆಯಾಗಬೇಕು. ಗಟ್ಟಿ ಕಟ್ ಮಾಡಿದಲ್ಲಿ ಎಳೆ ಕೂದಲಿಗೆ ಒಂದು ಮಿಲಿಮೀಟರ್ ಮೊದಲೇ ತಟ್ಟನೆ ನಿಂತುಬಿಡುತ್ತದೆ. ಎಷ್ಟು ಎಳೆಗಳೋ ಅಷ್ಟು ಕಡೆ ಅದೇ ಅಂತರದಲ್ಲಿ ನಿಂತದ್ದನ್ನು ಕಂಡ ಕಣ್ಣು ಅವನ್ನೆಲ್ಲ ಸೇರಿಸಿ ಒಂದು ಗೆರೆ ಮಾಡಿಕೊಳ್ಳುತ್ತದೆ. ಆದ್ದರಿಂದ ಕಟ್ ಸರಿಯಾಗಿದೆಯೇ ಎಂದು ನೋಡುವುದಕ್ಕೆ ಕಂಪ್ಯೂಟರಿನ ಬೂದು ಚೌಕಗಳ ಹಿನ್ನೆಲೆ ಸಾಲದು. ಮೊದಲು ಅಚ್ಚ ಕಪ್ಪು, ಆಮೇಲೆ ಅಚ್ಚ ಬಿಳಿ, ಕೊನೆಗೆ ಕಾಗದದ ಕೆಂಪು, ಹೀಗೆ ಮೂರು ಪದರ ಕೆಳಗಿಟ್ಟು ಒಂದೊಂದನ್ನೇ ತೆರೆದು ನೋಡಬೇಕು. ಕಪ್ಪಿನ ಮೇಲೆ ಉಳಿದ ತೋಟ ಕಾಣುತ್ತದೆ, ಬಿಳಿಯ ಮೇಲೆ ಕೊರೆದುಹೋದ ಕೂದಲು ಕಾಣುತ್ತದೆ.

ನನ್ನ ಒಂದು ಅಭಿಪ್ರಾಯ: ಚಿತ್ತಾರದ ನಟ್ಟನಡುವೆ ಜೋಡಿಯನ್ನು ದೊಡ್ಡದಾಗಿ ತಂದಿಟ್ಟು ಗೊಂಬೆ ಸಾಲನ್ನೆಲ್ಲ ಮುಚ್ಚುವ ಬದಲು, ಎಳೆಗಳು ಮಾತ್ರ ಇರುವ ಭಾಗದ ಮುಂದೆ ನಿಲ್ಲಿಸುವುದು ಚೆಂದ. ಚಿತ್ತಾರದೊಳಗಿನ ಮದುಮಕ್ಕಳ ತಲೆ ಮೇಲೆ ಫೋಟೋದ ಮದುಮಕ್ಕಳನ್ನು ನಿಲ್ಲಿಸಿದ ಕಾಗದ ನೋಡಿದರೆ ಬರೆದವರ ಕೈಗೆ ಅಗೌರವ ಮಾಡಿದಂತೆ ಅನ್ನಿಸುತ್ತದೆ.

ಅಳತೆಯ ಮಾತಿಗೆ ಬರೋಣ. ನಮ್ಮ 6000 ಪಿಕ್ಸೆಲ್ಲಿನ ಫೋಟೋದಲ್ಲಿ 1.7 ಮೀಟರ್ ಎತ್ತರದ ಮದುಮಗ ಸುಮಾರು 4250 ಪಿಕ್ಸೆಲ್ ಉದ್ದ ಇರುತ್ತಾನೆ. ಕಾಗದದ ಮೇಲೆ ಅವನ ಎತ್ತರ 4 ಇಂಚು. ಇಂಚಿಗೆ 300ರಂತೆ ಬೇಕಾದ್ದು 1200 ಪಿಕ್ಸೆಲ್. ಅಂದರೆ ಕಟ್ ಮಾಡಿದ ಮೇಲೆ ಚಿತ್ರ ಮೂರೂವರೆ ಪಟ್ಟು ಕುಗ್ಗುತ್ತದೆ, ಜೊತೆಗೆ ನಮ್ಮ ತಪ್ಪುಗಳೂ ಕುಗ್ಗುತ್ತವೆ. ಎರಡು ಪಿಕ್ಸೆಲ್ ಅಗಲದ ಹಸಿರು ಗೆರೆ ಅರ್ಧ ಪಿಕ್ಸೆಲ್ಲಾಗಿ ಕರಗುತ್ತದೆ. ಕುಗ್ಗಿಸಿ ಆಮೇಲೆ ಕಟ್ ಮಾಡುವವರಿಗೆ ಈ ಲಾಭ ಇಲ್ಲ. ವಾಟ್ಸಾಪಿನಲ್ಲಿ ಬಂದ ಫೋಟೋಕ್ಕೂ ಇಲ್ಲ. “ಫೋಟೋ ವಾಟ್ಸಾಪಲ್ಲಿ ಕಳ್ಸಿದ್ದಿ, ನೋಡು ಮಾರಾಯಾ” ಎಂದು ಮದುಮಗನ ಮಾವ ಫೋನ್ ಮಾಡುವ ಹೊತ್ತಿಗೆ ಆ 6000 ಪಿಕ್ಸೆಲ್ ಸುಮಾರು 1600ಕ್ಕೆ ಇಳಿದಿರುತ್ತದೆ. ಅದರಲ್ಲಿ ಮದುಮಗನ ಪಾಲಿಗೆ 1130 ಚಿಲ್ಲರೆ, ಕಾಗದಕ್ಕೆ ಬೇಕಾದಷ್ಟೂ ಇಲ್ಲ. ಎರಡು ಪಿಕ್ಸೆಲ್ಲಿನ ಗೆರೆ ಎರಡಾಗಿಯೇ ಉಳಿದು, ಅಚ್ಚಿನಲ್ಲಿ ಸುಮಾರು 0.18 ಮಿಲಿಮೀಟರ್ ಅಗಲದಲ್ಲಿ ಎದ್ದು ಕಾಣುತ್ತದೆ.

ಇಷ್ಟಕ್ಕೇ ನಿಲ್ಲುವುದಿಲ್ಲ. ಹೀಗೆ ಕಿರಿದಾಗಿಸುವ ಜೆಪೆಗ್, ಬೆಳಕಿನ ಏರಿಳಿತವನ್ನು ಪ್ರತಿ ಪಿಕ್ಸೆಲ್ಲಿಗೂ ಇಟ್ಟುಕೊಂಡು, ಬಣ್ಣವನ್ನು ಮಾತ್ರ ಎರಡು ಅಡ್ಡ ಎರಡು ಉದ್ದದ ನಾಲ್ಕು ಪಿಕ್ಸೆಲ್ಲಿಗೆ ಒಂದರಂತೆ ಇಟ್ಟುಕೊಳ್ಳುವುದು ವಾಡಿಕೆ. ಕಣ್ಣಿಗೆ ಬಣ್ಣದ ಸೂಕ್ಷ್ಮ ಅಷ್ಟಾಗಿ ತಿಳಿಯುವುದಿಲ್ಲ, ಆದ್ದರಿಂದ ನೋಡುವುದಕ್ಕೆ ನಷ್ಟವಿಲ್ಲ. ನಮ್ಮ ಭಾಗಾಕಾರಕ್ಕೆ ಮಾತ್ರ ಪೂರ್ತಿ ನಷ್ಟ. ಹಸಿರು ಎಲ್ಲಿ ಮುಗಿಯಿತು, ಕೂದಲು ಎಲ್ಲಿ ಶುರುವಾಯಿತು ಎಂಬುದನ್ನು ಬಣ್ಣದಿಂದಲೇ ತಾನೇ ನಾವು ತಿಳಿಯಬೇಕಾಗಿದ್ದು!

ಅಚ್ಚಿನ ಮನೆಯಲ್ಲಿ ಒಂದು ಎಚ್ಚರ ಬೇಕು. ಕೆಲವರು ಚಿತ್ತಾರ ಮೊದಲೇ ಅಚ್ಚಾದ ಖಾಲಿ ಕಾರ್ಡು ತಂದು, ಅದರ ಮೇಲೆ ಅಕ್ಷರದ ಜೊತೆ ಫೋಟೋವನ್ನೂ ಹೊಡೆಸಲು ನೋಡುತ್ತಾರೆ. ಆಫ್‌ಸೆಟ್ ಶಾಯಿ ಪಾರದರ್ಶಕ. ಅದಕ್ಕೆ ಬಿಳಿ ಬಣ್ಣ ಬರುವುದು ಕೆಳಗಿನ ಕಾಗದದಿಂದ. ಕೆಂಪಿನ ಮೇಲೆ ಮುಖ ಹೊಡೆದರೆ ಮುಖ ಕೆಂಪಾಗುತ್ತದೆ, ಕೆನ್ನೆಯ ಮೇಲೆ ಎಳೆಗಳು ಓಡುತ್ತವೆ. ಮನುಷ್ಯರ ಆಕಾರದಲ್ಲಿ ಬಿಳಿ ಜಾಗ ಬಿಟ್ಟು ಎರಡು ಸಲ ಅಚ್ಚು ಹೊಡೆದರೂ, ಕಾಗದ ಕೂದಲೆಳೆಯಷ್ಟು ಸರಿದರೆ ಸುತ್ತ ಬಿಳಿ ಗೆರೆ ಏಳುತ್ತದೆ. ಚಿತ್ತಾರ, ಫೋಟೋ ಎರಡನ್ನೂ ಕಂಪ್ಯೂಟರಿನಲ್ಲಿ ಒಂದೇ ಚಿತ್ರವಾಗಿಸಿ ಒಂದೇ ಸಲ ಬಿಳಿ ಕಾಗದಕ್ಕೆ ಹೊಡೆಸುವುದೇ ಸರಿ.

ಇಷ್ಟೆಲ್ಲ ಬಿಡಿಸುವ ಕೆಲಸವನ್ನು ಬಹುಮಟ್ಟಿಗೆ ಇಲ್ಲವಾಗಿಸುವ ಉಪಾಯ ಒಂದಿದೆ. ಅದು ಕಂಪ್ಯೂಟರಿನ ಮುಂದೆ ಅಲ್ಲ, ಫೋಟೋ ತೆಗೆಯುವ ಜಾಗದಲ್ಲಿ ಮಾಡುವಂಥದು. ಮದುಮಕ್ಕಳನ್ನು ತೋಟದ ಬದಲು ಗಾರೆ ಮಾಡದ ಕೆಂಪು ಚಿರೆಕಲ್ಲಿನ ಗೋಡೆಯ ಮುಂದೆ ನಿಲ್ಲಿಸಿ. ಗೋಡೆಯ ಬಣ್ಣ 140, 70, 50 ಎಂದುಕೊಂಡು ನಮ್ಮ ಹಳೆಯ ಪಿಕ್ಸೆಲ್ಲಿನ ಲೆಕ್ಕವನ್ನೇ ಮತ್ತೆ ಹಾಕಿದರೆ ಕ್ಯಾಮೆರಾ ಬರೆದುಕೊಳ್ಳುವುದು 80, 46, 35. ಕೆಮ್ಮಣ್ಣಿನ ಕಾಗದದ ಮೇಲೆ ಬರಬೇಕಾದ್ದು 84, 42, 31. ಒಂದೊಂದರಲ್ಲೂ ಬರೀ ನಾಲ್ಕರ ವ್ಯತ್ಯಾಸ, ಅಚ್ಚಿನಲ್ಲಿ ಯಾರ ಕಣ್ಣಿಗೂ ಕಾಣದು. ಅಂಚಿನಲ್ಲಿ ಹಿನ್ನೆಲೆ ಉಳಿದರೆ ಉಳಿಯಲಿ, ಅದೇ ಬಣ್ಣ ತಾನೇ ಕಾಗದದಲ್ಲೂ ಇರುವುದು. ಕಪ್ಪು ಕೂದಲು, ಬಿಳಿ ಪಂಚೆ ಎರಡಕ್ಕೂ ಚಿರೆಕಲ್ಲಿನ ಬಣ್ಣ ಸಾಕಷ್ಟು ದೂರ, ಹಾಗಾಗಿ ಭಾಜಕವೂ ದೊಡ್ಡದಾಗಿಯೇ ಇರುತ್ತದೆ. ಎಲೆಯ ಹಸಿರು ಬೆಳಕೂ ಪಂಚೆಗೆ ಬೀಳುವುದಿಲ್ಲ. ತುಸು ಕೆಂಪು ಬೀಳಬಹುದು, ಕೆಂಪು ಗೋಡೆಯ ಮುಂದೆ ಕೂತವರ ಮೇಲೆ ಅದು ಇರಬೇಕಾದ್ದೇ. ಬಿಳಿ ಎಳೆ ಹಾದುಹೋಗುವ ಕಡೆ ಮಾತ್ರ ಈ ಉಪಾಯ ನಿಲ್ಲದು, ಅಲ್ಲಿ ಕೂದಲಿನ ಅಂಚನ್ನು ಕೈಯಿಂದ ಬಿಡಿಸಲೇಬೇಕು. ಸೀರೆಯೇ ಇಟ್ಟಿಗೆ ಕೆಂಪಾದರೆ ಬೇರೆ ಗೋಡೆ ಹುಡುಕಿ.

ಮನೆಯಲ್ಲಿ ಮದುವೆ ಇರುವವರು ಫೋಟೋ ತೆಗೆಯುವವರಿಗೆ ಕಾಗದದ ಬಣ್ಣ ಯಾವುದೆಂದು ಮೊದಲೇ ತಿಳಿಸಿ, ಬಿಸಿಲು ನೇರ ಬೀಳದ ಒಂದು ಚಿರೆಕಲ್ಲು ಗೋಡೆ ತೋರಿಸಿ. ತೋಟದಲ್ಲಿ ಬೇಕಾದಷ್ಟು ತೆಗೆಸಿಕೊಳ್ಳಿ, ಅವು ಆಲ್ಬಮ್ಮಿಗೆ. ಕಾಗದಕ್ಕೆ ಕೊಡುವ ಫೋಟೋವನ್ನು ಪೆನ್ ಡ್ರೈವಿನಲ್ಲಿ ಕೊಡಿ. ವಾಟ್ಸಾಪಿನಲ್ಲೇ ಕಳಿಸಬೇಕಾದರೆ `Document` ಎಂದು ಆರಿಸಿ ಕಳಿಸಿ, ಆಗ ಪಿಕ್ಸೆಲ್ ಕುಗ್ಗುವುದಿಲ್ಲ.